ಮೊದಲು ಮುಖ ನೋಡಿ

ಆ ಚಪ್ಪಲಿ ಅಂಗಡಿಯ ಅಗಲ ಎಷ್ಟೆಂದರೆ, ಇಬ್ಬರು ದಪ್ಪನೆಯವರು ಒಟ್ಟಿಗೆ ಬಂದರೆ ಒಬ್ಬರು ಹೊರಗೆ ನಿಲ್ಲಬೇಕು. ಎರಡೂ ಗೋಡೆಗೆ ಸೂರಿನವರೆಗೆ ಡಬ್ಬಗಳು, ನಡುವೆ ಒಂದು ಉದ್ದನೆಯ ಬೆಂಚು, ಬಾಗಿಲ ಮೇಲೆ ಒಂದು ಪುಟ್ಟ ಗಂಟೆ. ಬಾಗಿಲ ಪಕ್ಕದಲ್ಲೇ ಮೊಣಕಾಲೆತ್ತರದ ಒಂದು ಸ್ಟೂಲು. ಮೂವತ್ತು ವರ್ಷ ಆ ಸ್ಟೂಲಿನ ಮೇಲೆ ಕೂತವನನ್ನು ಬೀದಿಯವರೆಲ್ಲ ನಂಬರಣ್ಣ ಅಂತಲೇ ಕರೆಯುತ್ತಿದ್ದರು.

ಹೆಸರು ಸುಮ್ಮನೆ ಬಂದದ್ದಲ್ಲ. ಗಂಟೆ ಸದ್ದು ಮಾಡಿದ್ದೇ ತಡ, ಅವನ ಕಣ್ಣು ಬಂದವರ ಪಾದದ ಮೇಲೆ ಬೀಳುತ್ತಿತ್ತು, ಬಾಯಿ ತಾನಾಗಿಯೇ ಕೂಗುತ್ತಿತ್ತು: “ಬನ್ನಿ ಬನ್ನಿ, ಏಳು ನಂಬರ್!” ಅಳತೆ ಪಟ್ಟಿ ಅವನಿಗೆ ಬೇಕಿರಲಿಲ್ಲ. ತಪ್ಪಿದ್ದೂ ಕಡಿಮೆ. ಕೆಲವರು ನಗುತ್ತಿದ್ದರು, ಕೆಲವರು ಬೆರಗಾಗುತ್ತಿದ್ದರು, ಅವನಿಗೋ ತಾನು ದೊಡ್ಡ ಜಾದೂಗಾರ ಅಂತ ಜಂಬ. ಆದರೆ ಒಳಗೆ ಕಾಲಿಟ್ಟು, ನಂಬರ್ ಕೇಳಿಸಿಕೊಂಡು, “ಆಮೇಲೆ ಬರ್ತೀನಿ” ಅಂತ ಹಾಗೇ ಹಿಂದಕ್ಕೆ ಹೋದವರೂ ಇದ್ದರು. ಅವರನ್ನು ಅವನು ಲೆಕ್ಕಕ್ಕೇ ಇಟ್ಟವನಲ್ಲ. ಜಂಬ ಇರುವವರ ಕಣ್ಣಿಗೆ ಹೋದವರ ಬೆನ್ನು ಕಾಣುವುದಿಲ್ಲ.

ಅವನ ಹೆಂಡತಿ ಸಿಕ್ಕಿದ್ದೂ ಇದೇ ಬಾಗಿಲಲ್ಲಿ. ಆಗ ಅವಳಿಗೆ ಇಪ್ಪತ್ತೆರಡು. ಕಿತ್ತುಹೋದ ಚಪ್ಪಲಿಯನ್ನು ಎಳೆದುಕೊಂಡು ಒಳಗೆ ಬಂದಳು. “ಬನ್ನಿ ಬನ್ನಿ, ಐದು ನಂಬರ್!” ಅಂದ. ಅವಳಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು.

“ಕಾಲಿನ ಹತ್ತಿರ ಮಾತಾಡ್ತಿದ್ದೀರಾ, ನನ್ನ ಹತ್ತಿರಾನಾ? ಮೊದಲು ಮುಖ ನೋಡಿ.”

ಅವನು ಮುಖ ನೋಡಿದ. ನೋಡಿದ್ದು ಸ್ವಲ್ಪ ಹೆಚ್ಚೇ ಆಯಿತು ಅಂತ ಕಾಣುತ್ತದೆ, ಮುಂದಿನ ವರ್ಷ ಮದುವೆಯಾಯಿತು. ಬುದ್ಧಿ ಬಂತಾ ಅಂದರೆ, ಇಲ್ಲ. ಮಾರನೆಯ ದಿನದಿಂದಲೇ ಮತ್ತೆ ಆರು, ಏಳು, ಎಂಟು.

ಅವಳು ದಿನಾ ಮಧ್ಯಾಹ್ನ ಊಟದ ಡಬ್ಬಿ ತರುತ್ತಿದ್ದಳು. ಅವನು ಹಿಂದಿನ ಪರದೆಯ ಆಚೆ ಕೂತು ಉಣ್ಣುವ ಅರ್ಧ ಗಂಟೆ ಅಂಗಡಿ ಅವಳದು. ತುತ್ತು ಬಾಯಿಗಿಟ್ಟುಕೊಂಡು ಪರದೆಯ ಸಂದಿಯಿಂದ ನೋಡುತ್ತಿದ್ದವನಿಗೆ ಒಂದು ಸಂಗತಿ ಅರ್ಥವೇ ಆಗುತ್ತಿರಲಿಲ್ಲ. ಅವಳು ಮಾರುವವಳ ಹಾಗೇ ಇರುತ್ತಿರಲಿಲ್ಲ, ಆದರೂ ಬಂದವರು ಹೋಗುತ್ತಿರಲಿಲ್ಲ.

ಒಂದು ದಿನ ಬೆಳಿಗ್ಗೆ ಒಬ್ಬ ಟೀಚರಮ್ಮ ಬಂದಿದ್ದರು. ಹಿಮ್ಮಡಿಯೆಲ್ಲ ಒಡೆದುಹೋಗಿತ್ತು. “ಆರು ನಂಬರ್!” ಅಂತ ನಂಬರಣ್ಣ ಕೂಗಿದ್ದೇ, ಅವರು ಕಾಲಿನ ಬೆರಳುಗಳನ್ನು ಒಳಕ್ಕೆ ಮಡಚಿಕೊಂಡು, “ಸುಮ್ಮನೆ ನೋಡೋಣ ಅಂತ ಬಂದೆ” ಅಂತ ಹೊರಟೇಬಿಟ್ಟರು. ಮಾರನೆಯ ದಿನ ಸರಿಯಾಗಿ ಊಟದ ಹೊತ್ತಿಗೆ ಬಂದರು. ಅವನಿಲ್ಲದ ಹೊತ್ತು ನೋಡಿಕೊಂಡೇ ಬಂದರೇನೋ. ಹೆಂಡತಿ ಬೆಂಚಿನ ತುದಿಯಲ್ಲಿ ಕೂತು ಹೊಸ ಬೂಟುಗಳ ಒಳಗೆ ಕಾಗದ ತುರುಕುತ್ತಿದ್ದಳು. ತಲೆ ಎತ್ತಿದಳು, ಮುಖ ನೋಡಿ ನಕ್ಕಳು.

“ಬನ್ನಿ. ನೋಡ್ತಾ ಇರಿ, ನಾನು ಇಲ್ಲೇ ಇದ್ದೀನಿ.”

ಅಷ್ಟೇ. ಮತ್ತೆ ಕಾಗದ ತುರುಕುವುದಕ್ಕೆ ಕೂತಳು. ಏಳಲಿಲ್ಲ, ಹಿಂದೆ ಹಿಂದೆ ಹೋಗಲಿಲ್ಲ, ಏನು ಬೇಕು ಅಂತ ಕೇಳಲಿಲ್ಲ. ಬಾಗಿಲಿಗೂ ಟೀಚರಮ್ಮನಿಗೂ ನಡುವೆ ಅಡ್ಡ ಇರಬಾರದು ಅಂತ ಕಾಲನ್ನೂ ಪಕ್ಕಕ್ಕೆ ಎಳೆದುಕೊಂಡಳು. ಟೀಚರಮ್ಮ ಒಂದು ಸುತ್ತು ಹಾಕಿದರು. ಒಂದು ಕಂದು ಬಣ್ಣದ ಜೋಡನ್ನು ಮುಟ್ಟಿದರು, ಮುಂದೆ ಹೋದರು, ತಿರುಗಿ ಬಂದು ಮತ್ತೆ ಮುಟ್ಟಿದರು. ಎರಡನೆಯ ಸಲ ಮುಟ್ಟಿದ ಮೇಲೆಯೇ ಇವಳು ಬಾಯಿ ಬಿಟ್ಟದ್ದು.

“ಅದಕ್ಕೆ ಒಳಗಡೆ ಮೆತ್ತನೆ ಅಡಿ ಇದೆ, ದಿನವಿಡೀ ನಿಂತಿರೋರಿಗೆ ಚೆನ್ನಾಗಿರುತ್ತೆ. ಹಾಕ್ಕೊಂಡು ನೋಡಿ. ಬೇಡಾಂದ್ರೂ ಪರವಾಗಿಲ್ಲ.”

ಟೀಚರಮ್ಮ ಕೂತರು. ತಾವಾಗಿಯೇ ಕಾಲು ಮುಂದೆ ಚಾಚಿದರು.

ಅವರು ಆ ಜೋಡನ್ನೇ ಕೊಂಡು ಹೋದ ಮೇಲೆ ನಂಬರಣ್ಣ ಕೈ ತೊಳೆದು ಬಂದು, “ಏನೇ, ಬಂದೋರನ್ನ ಹಾಗೆ ಬಿಟ್ಟುಬಿಡೋದಾ? ಹತ್ತು ಡಬ್ಬ ಇಳಿಸಿ ಮುಂದಿಡಬಾರದಾ?” ಅಂದ.

“ಹತ್ತು ಡಬ್ಬ ಇಳಿಸಿದ್ರೆ, ಅಯ್ಯೋ ಇಷ್ಟು ಕಷ್ಟ ಕೊಟ್ಟೆನಲ್ಲಾ ಅಂತ ಪಾಪ ಒಂದು ತಗೊಂಡು ಹೋಗ್ತಾರೆ. ಆಮೇಲೆ ಈ ಬೀದೀಲಿ ತಲೆ ತಗ್ಗಿಸಿಕೊಂಡು ಓಡಾಡ್ತಾರೆ ರೀ. ಒಳಗೆ ಬರೋರು ಏನೋ ಒಂದು ಮುಚ್ಚಿಟ್ಕೊಂಡೇ ಬಂದಿರ್ತಾರೆ. ಅದನ್ನ ಬಾಗಿಲಲ್ಲೇ ಬಿಚ್ಚಿದ್ರೆ ಯಾರು ತಾನೇ ನಿಲ್ತಾರೆ? ಮುಖ ನೋಡಿ ಕರೀಬೇಕು. ಆಮೇಲೆ ಕೈಗೆ ಏನಾದ್ರೂ ಕೆಲಸ ಕೊಟ್ಕೋಬೇಕು. ಕಣ್ಣು ಅವರ ಮೇಲಿರಬಾರದು, ಕಿವಿ ಇರಬೇಕು.”

“ಓಹೋ, ಮೇಡಂ ಪಾಠ ಶುರು ಮಾಡಿದ್ರು,” ಅಂತ ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ಅವತ್ತು ನಗದೆ ಕಿವಿಗೆ ಹಾಕಿಕೊಂಡಿದ್ದರೆ ಈ ಕತೆ ಹೇಳುವ ಕರ್ಮ ನನಗೂ ಇರುತ್ತಿರಲಿಲ್ಲ.

ವರ್ಷಗಳು ಕಳೆದವು. ಮಗಳು ಬೆಳೆದು ಔಷಧಿ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದಳು, ಪಕ್ಕದ ಬೀದಿಗೇ ಮದುವೆಯಾಗಿ ಹೋದಳು. ಹೆಂಡತಿಗೆ ಸಕ್ಕರೆ ಕಾಯಿಲೆ ಬಂತು. ಯಾರಿಗೆ ಬಂದಿಲ್ಲ ಅಂತ ಇಬ್ಬರೂ ಮಾತ್ರೆ ನುಂಗುವುದು ನುಂಗಿಸುವುದು ಮಾಡಿಕೊಂಡಿದ್ದರು. ಪಾದ ಮರಗಟ್ಟಿದ ಹಾಗಾಗುತ್ತದೆ ಅಂತ ಅವಳು ಒಂದೆರಡು ಸಲ ಅಂದದ್ದುಂಟು. ಅವನು ಹೂಂ ಅಂದದ್ದೂ ಉಂಟು.

ಒಂದು ಸಲ ಅವನೇ ಅಂಗಡಿಯಿಂದ ಒಂದು ಜೊತೆ ಐದು ನಂಬರ್ ಚಪ್ಪಲಿ ತಂದುಕೊಟ್ಟ. ಬಲಗಾಲಿನದರಲ್ಲಿ ಒಂದು ಸಣ್ಣ ಮೊಳೆಯ ತುದಿ ಮೇಲಕ್ಕೆ ಬಂದಿತ್ತು. ಗಿರಾಕಿಗೆ ಕೊಡುವಾಗ ಒಳಗೆ ಬೆರಳಾಡಿಸಿ ನೋಡುವವನು ಹೆಂಡತಿಗೆ ತರುವಾಗ ನೋಡಲಿಲ್ಲ. ಮರಗಟ್ಟಿದ ಪಾದಕ್ಕೆ ನೋವೂ ಗೊತ್ತಾಗಲಿಲ್ಲ. ನಾಲ್ಕು ದಿನ ಅವಳು ಅದರ ಮೇಲೇ ಓಡಾಡಿದಳು, ಆ ಚಪ್ಪಲಿ ಹಾಕಿಕೊಂಡೇ ಊಟದ ಡಬ್ಬಿಯನ್ನೂ ತಂದಳು. ಐದನೆಯ ದಿನ ಜ್ವರ. ಬೀದಿಯವರ ಪಾದವನ್ನೆಲ್ಲ ಒಂದೇ ನೋಟಕ್ಕೆ ಅಳೆಯುತ್ತಿದ್ದವನು ತನ್ನ ಮನೆಯವಳ ಪಾದ ನೋಡಿ ಎಷ್ಟು ವರ್ಷವಾಗಿತ್ತೋ. ಅವಳ ನಂಬರ್ ಬಾಯಿಪಾಠವಾಗಿತ್ತಲ್ಲ, ನೋಡುವುದೇನಿದೆ?

ಮೊದಲು ಎರಡು ಬೆರಳು ತೆಗೆದರು. ಕೊಳೆತ ನಿಲ್ಲಲಿಲ್ಲ ಅಂತ, ತಿಂಗಳೊಳಗೆ ಬಲ ಪಾದದ ಮುಂದಿನ ಅರ್ಧ ತೆಗೆದರು. ಆಸ್ಪತ್ರೆಯ ಮೊಗಸಾಲೆಯಲ್ಲಿ ಅವನು ಗೋಡೆಗೆ ತಲೆಯಿಟ್ಟು ಅತ್ತ. ಮೊಳೆಯ ವಿಷಯ ಅವಳು ಒಂದು ದಿನವೂ ಎತ್ತಲಿಲ್ಲ. ಎತ್ತಿ ಬೈದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ.

ಮನೆಗೆ ಬಂದ ಮೇಲೆ ಆ ಪಾದವನ್ನು ಅವಳು ಅವನಿಗೆ ತೋರಿಸಲೇ ಇಲ್ಲ. ಮಗಳು ಬೆಳಿಗ್ಗೆ ಕೆಲಸಕ್ಕೆ ಹೋಗುವ ಮುಂಚೆ ಬಂದು ಪಟ್ಟಿ ಬಿಚ್ಚಿ, ತೊಳೆದು, ಹೊಸ ಪಟ್ಟಿ ಕಟ್ಟುತ್ತಿದ್ದಳು. “ನೀವು ಹೊರಗಿರಿ,” ಅಂತ ಹೆಂಡತಿ ಅವನನ್ನು ಹೊರಗೆ ಕಳಿಸುತ್ತಿದ್ದಳು. ಇವನು ಹೊರಗೆ ಮೆಟ್ಟಿಲ ಮೇಲೆ ಕೂತಿರುತ್ತಿದ್ದ. ಗಾಯ ಮಾಗಿತು. ವಾಕರ್ ಹಿಡಿದು ಮನೆಯೊಳಗೆ ಓಡಾಡುವುದನ್ನೂ ಕಲಿತಳು. ಆದರೆ ಹೊಸ್ತಿಲು ದಾಟಲಿಲ್ಲ. ಕಿಟಕಿ ಪಕ್ಕದ ಕುರ್ಚಿ ಹಿಡಿದವಳು ಬಿಡಲೇ ಇಲ್ಲ.

“ಅಂಗಡಿಗೆ ಬಾರೇ. ನೀನಿಲ್ದೆ ಮಧ್ಯಾಹ್ನದ ಗಿರಾಕಿಗಳೆಲ್ಲ ನನ್ನ ಮುಖ ನೋಡಿ ಓಡಿಹೋಗ್ತಿದ್ದಾರೆ,” ಅಂತ ಅವನು ದಿನಾ ಗೋಗರೆಯುತ್ತಿದ್ದ.

“ಚಪ್ಪಲಿ ಅಂಗಡಿಗೆ ಒಂದೂವರೆ ಕಾಲಿನವಳು ಬಂದ್ರೆ ನಿಮ್ಮ ವ್ಯಾಪಾರ ಅರ್ಧಕ್ಕಿಳಿಯುತ್ತೆ,” ಅಂತ ಅವಳು ತಮಾಷೆ ಮಾಡಿ ಮಾತು ಮುಗಿಸುತ್ತಿದ್ದಳು. ಡಾಕ್ಟರು ಬೇರೆ ಹೇಳಿದ್ದರು, ಹೀಗೇ ಕೂತರೆ ಉಳಿದ ಶಕ್ತಿಯೂ ಹೋಗುತ್ತದೆ ಅಂತ. ಅವಳು ಒಂದೇ ಒಂದು ಸಲ ಆ ಬಾಗಿಲು ದಾಟಿ ಒಳಗೆ ಬಂದರೆ ಸಾಕು, ಆಮೇಲೆ ಬದುಕುತ್ತಾಳೆ ಅಂತ ಅವನ ತಲೆಯಲ್ಲಿ ಕೂತುಬಿಟ್ಟಿತ್ತು. ಹುಚ್ಚು ಅನ್ನಿ. ಅವನಿಗೆ ಬೇರೆ ಆಸೆಯೇ ಉಳಿದಿರಲಿಲ್ಲ.

ಮಗಳ ಹತ್ತಿರ ಗುಟ್ಟಾಗಿ ಒಂದು ಕೆಲಸ ಮಾಡಿಸಿದ. ಅಮ್ಮ ಮಧ್ಯಾಹ್ನ ಮಲಗಿದಾಗ ಅವಳು ಕಾಗದದ ಮೇಲೆ ಪಾದದ ಸುತ್ತ ಪೆನ್ಸಿಲಿನಲ್ಲಿ ಗೆರೆ ಎಳೆದು ತಂದಳು. ಚಪ್ಪಲಿ ಹೊಲಿಯುವ ಮುದುಕನ ಮುಂದೆ ಕೂತು ನಂಬರಣ್ಣ ಒಂದು ಜೊತೆ ಮಾಡಿಸಿದ. ಎಡದ್ದು ಮಾಮೂಲಿ ಐದು. ಬಲದ್ದಕ್ಕೆ ಹಿಮ್ಮಡಿಯನ್ನು ಹಿಡಿಯುವ ಅಗಲ ಪಟ್ಟಿ, ಮುಂದೆ ಖಾಲಿ ಜಾಗಕ್ಕೆ ಮೆತ್ತನೆಯ ಸ್ಪಂಜು, ಎಲ್ಲೂ ಮೊಳೆ ಇಲ್ಲ, ಹೊಲಿಗೆಯೂ ಒಳಗೆ ತಾಗದ ಹಾಗೆ. ನೂರು ಸಲ ಬೆರಳಾಡಿಸಿ ನೋಡಿದ. ಡಬ್ಬದಲ್ಲಿಟ್ಟು ಬೆಂಚಿನ ಎದುರಿನ ಮೇಲಿನ ಸಾಲಿನಲ್ಲಿ ಇಟ್ಟ. ಎಲ್ಲ ಡಬ್ಬಗಳ ಬದಿಗೂ ನಂಬರ್ ಇತ್ತು. ಆ ಒಂದರ ಬದಿ ಮಾತ್ರ ಖಾಲಿ.

ಅವಳು ಬಂದಾಗ ಹೇಗೆ ಕರೆಯಬೇಕು ಅಂತಲೂ ಅಭ್ಯಾಸ ಮಾಡಿದ. ಅವಳು ಹೇಳಿಕೊಟ್ಟ ಹಾಗೇ. ಮುಖ ನೋಡುವುದು, ಕರೆಯುವುದು, ಕೈಗೆ ಕೆಲಸ ಕೊಟ್ಟುಕೊಳ್ಳುವುದು. ಅವಳು ಸುಧಾರಿಸಿಕೊಂಡು, ಬೆಂಚಿನ ಮೇಲೆ ಕೂತು, ತಾನಾಗಿ ಸುತ್ತ ಕಣ್ಣಾಡಿಸಿದ ಮೇಲೆ ಮೆಲ್ಲಗೆ ಡಬ್ಬ ಇಳಿಸುವುದು. ಖಾಲಿ ಬಾಗಿಲನ್ನು ನೋಡಿ ಮುಗುಳ್ನಗುವುದನ್ನು ಎದುರಿನ ಬೇಕರಿಯವನು ನೋಡಿ, ನಂಬರಣ್ಣನಿಗೆ ತಲೆ ಕೆಟ್ಟಿದೆ ಅಂದುಕೊಂಡ.

ಅವಳು ಬಂದೇ ಬಂದಳು. ಹೇಳದೆ ಬಂದಳು. ಒಂದು ಶನಿವಾರ ಬೆಳಿಗ್ಗೆ ಹನ್ನೊಂದರ ಹೊತ್ತು, ಅಂಗಡಿಯಲ್ಲಿ ನಾಲ್ಕು ಜನ. ನಂಬರಣ್ಣ ಸ್ಟೂಲಿನ ಮೇಲೆ ಬಗ್ಗಿ ಒಬ್ಬ ತಾತನ ಬೂಟಿನ ಬಕಲ್ ಹಾಕುತ್ತಿದ್ದ. ಗಂಟೆ ಸದ್ದಾಯಿತು. ಅಭ್ಯಾಸ ಮಾಡಿದ್ದು ಎರಡು ತಿಂಗಳು, ರೂಢಿಯಾದದ್ದು ಮೂವತ್ತು ವರ್ಷ.

“ಬನ್ನಿ ಬನ್ನಿ,” ಅಂತ ತಿರುಗಿದ. ಕಣ್ಣು ಸೀದಾ ಕೆಳಕ್ಕೆ ಬಿತ್ತು. ವಾಕರಿನ ನಾಲ್ಕು ರಬ್ಬರ್ ಕಾಲುಗಳು, ಒಂದು ಚಪ್ಪಲಿ, ಅದರ ಪಕ್ಕದಲ್ಲಿ ಬೂದು ಕಾಲುಚೀಲ ಹಾಕಿದ, ನಡುವೆಯೇ ಮುಗಿದುಹೋದ ಒಂದು ಪಾದ. ಬಾಯಿ “ಐ” ಅಂದಿತು. ಅಲ್ಲಿಗೇ ನಿಂತಿತು.

ಪೂರ್ತಿ ಹೇಳಿದ್ದರೂ ಆಗುತ್ತಿತ್ತು. ಹೇಳದಿದ್ದರೂ ಆಗುತ್ತಿತ್ತು. ಅರ್ಧಕ್ಕೆ ನಿಂತಿತಲ್ಲ, ಅದು ಕೆಟ್ಟದ್ದು. ಸದ್ದು ನಿಂತಿತು ಅಂತ ತಾತ ತಲೆಯೆತ್ತಿ, ಅಂಗಡಿಯವನ ಕಣ್ಣು ಎಲ್ಲಿದೆಯೋ ಅಲ್ಲಿಗೇ ನೋಡಿದ. ಉಳಿದ ಮೂವರೂ ಅಲ್ಲಿಗೇ ನೋಡಿದರು. ಐದು ಜೊತೆ ಕಣ್ಣು ಆ ಕಾಲುಚೀಲದ ಮೇಲೆ.

“ಏನ್ರೀ,” ಅವಳ ದನಿ ಮೇಲಿನಿಂದ ಬಂತು, “ನಂಬರ್ ಸಿಗಲಿಲ್ವಾ?”

ಯಾರೋ ತಿಳಿಯದೆ ನಕ್ಕರು. ನಂಬರಣ್ಣ ಬಕಲನ್ನು ಅರ್ಧಕ್ಕೇ ಬಿಟ್ಟ. ಎದ್ದ. ಎದ್ದವನು ಸುಮ್ಮನಿದ್ದನಾ? ಕೈಕಾಲು ಆಡದೆ ಎಲ್ಲವನ್ನೂ ಒಟ್ಟಿಗೆ ಮಾಡಿದ. “ಬಾ ಬಾ, ಕೂತ್ಕೋ, ಹುಷಾರು, ಮೆಟ್ಟಿಲಿದೆ, ಸ್ವಲ್ಪ ಜರುಗಿ ಸಾರ್, ಜಾಗ ಬಿಡಿ, ನೀರು ಬೇಕಾ, ಇಲ್ಲಿ ಬೇಡ ಅಲ್ಲಿ ಕೂತ್ಕೋ,” ಅಂತ ತಾತನನ್ನು ಎಬ್ಬಿಸಿ, ಅವಳ ತೋಳು ಹಿಡಿದು, ಹಿಂದೆ ನಿಂತಿದ್ದ ಮಗಳಿಗೆ “ಯಾಕೆ ಹೇಳಲಿಲ್ಲ?” ಅಂತ ಗದರಿದ. ಮೇಲಿನ ಸಾಲಿನ ಡಬ್ಬಕ್ಕೂ ಕೈ ಹಾಕಿದ. ಅಷ್ಟು ಜನರ ಮುಂದೆ ಅದನ್ನು ಹೇಗೆ ಬಿಚ್ಚುವುದು ಅಂತ ಹೊಳೆದು, ಕೈ ಹಿಂದಕ್ಕೆ ತೆಗೆದ.

ಅವಳು ವಾಕರನ್ನು ಒಂದು ಅಂಗುಲವೂ ಮುಂದಿಡಲಿಲ್ಲ.

“ಇರಲಿ ಬಿಡಿ, ಗಿರಾಕಿಗಳನ್ನ ನೋಡಿ. ಸುಮ್ಮನೆ ನೋಡ್ಕೊಂಡು ಹೋಗೋಣ ಅಂತ ಬಂದೆ.”

ಅಂಗಡಿ ಇಟ್ಟವರಿಗೆಲ್ಲ ಆ ಮಾತು ಗೊತ್ತು. ತಪ್ಪಿಸಿಕೊಂಡು ಹೊರಗೆ ಹೋಗಬೇಕಾದವರು ಹೇಳುವ ಮಾತು ಅದು. ಟೀಚರಮ್ಮ ಹೇಳಿದ್ದೂ ಹೆಚ್ಚುಕಡಿಮೆ ಅದನ್ನೇ. ವಾಕರ್ ತಿರುಗಿತು, ಗಂಟೆ ಇನ್ನೊಂದು ಸಲ ಸದ್ದು ಮಾಡಿತು.

ಸಂಜೆ ಅವನು ಡಬ್ಬವನ್ನು ಮನೆಗೆ ಒಯ್ದು ಅವಳ ಮಡಿಲ ಹತ್ತಿರ ಇಟ್ಟ. ಅವಳು ಬಿಚ್ಚಿ ನೋಡಿದಳು. ಒಳಗೆ ಬೆರಳಾಡಿಸಿದಳು.

“ಚೆನ್ನಾಗಿದೆ. ಮೊಳೆ ಇಲ್ಲ,” ಅಂದಳು. ಆಮೇಲೆ, “ಅಲ್ಲಿಡಿ.”

“ನನ್ನದು ತಪ್ಪಾಯ್ತು ಕಣೇ.”

“ನೀವೇನು ಬೇಕಂತ ಮಾಡಿದ್ರಾ? ಅಭ್ಯಾಸ.” ಬೇಸರವಿಲ್ಲದ ದನಿಯಲ್ಲೇ ಹೇಳಿದಳು. ಅದಕ್ಕೇ ಅವನು ಅವತ್ತು ಊಟ ಮಾಡಲಿಲ್ಲ.

ಅವಳು ಮತ್ತೆ ಹೊಸ್ತಿಲು ದಾಟಲಿಲ್ಲ. ಎಂಟು ತಿಂಗಳ ಮೇಲೆ, ಹೃದಯ ನಿಂತು ಹೋದಳು. ಡಬ್ಬ ಬಿಚ್ಚಿದ್ದು ಆ ಒಂದೇ ದಿನ.

ಇಪ್ಪತ್ತು ದಿನ ಅಂಗಡಿ ಮುಚ್ಚಿತ್ತು. ತೆರೆದ ದಿನ ಮೊದಲ ಗಂಟೆ ಸದ್ದಾದಾಗ ಅವನ ಬಾಯಿ ತೆರೆಯಿತು, ನಂಬರ್ ಬರಲಿಲ್ಲ. ಆದರೆ ಹಾಳು ಕಣ್ಣು ಮಾತ್ರ ಕೆಳಗೇ ಹೋಯಿತು. ಬಾಯಿಗೆ ಬೀಗ ಹಾಕಬಹುದು, ಕಣ್ಣಿಗೆ? ಅವನು ಆ ಮೋಟು ಸ್ಟೂಲನ್ನು ಪರದೆಯ ಹಿಂದಕ್ಕೆ ಎಸೆದು, ಬಡಗಿಯ ಹತ್ತಿರ ಸೊಂಟದೆತ್ತರದ ಸ್ಟೂಲು ಮಾಡಿಸಿದ. ಅದರ ಮೇಲೆ ಕೂತರೆ ಮೊದಲು ಕಾಣುವುದು ಬಂದವರ ಮುಖ. ಬಾಗಿಲಿಗೆ ಎದುರಾಗಿದ್ದ, ಕಾಲು ಮಾತ್ರ ತೋರಿಸುವ ಕನ್ನಡಿಯನ್ನು ಒಳಗೆ ಬೆಂಚಿನ ಆ ಬದಿಗೆ ಸರಿಸಿದ. ಕೈಗೆ ಕೆಲಸ ಬೇಕು ಅಂತ ಒಂದು ಬಟ್ಟೆ, ಒಂದು ಬ್ರಷ್ಷು ಯಾವಾಗಲೂ ಹತ್ತಿರ. ಅಷ್ಟಾದರೂ ಒಂದು ವರ್ಷ ಬೇಕಾಯಿತು. ಎಷ್ಟೋ ಸಲ ಕಣ್ಣು ಜಾರಿ, ನಾಲಿಗೆ ಕಚ್ಚಿಕೊಂಡ. “ನಂಬರಣ್ಣ, ನಮ್ಮ ನಂಬರ್ ಹೇಳಲ್ವಾ?” ಅಂತ ಹಳೆಯ ಗಿರಾಕಿಗಳು ಕೆಣಕಿದರೆ, “ಮರೆತುಹೋಯ್ತು, ನೀವೇ ಹೇಳಿ,” ಅನ್ನುತ್ತಿದ್ದ.

ಮೊನ್ನೆ ಮೊನ್ನೆ ಒಬ್ಬ ಹೆಂಗಸು ಬಂದಳು. ಐವತ್ತರ ಆಸುಪಾಸು, ನೆಲ ಗುಡಿಸುವಷ್ಟು ಉದ್ದದ ಉಡುಪು, ಕೈಯಲ್ಲಿ ಕೋಲು. ನಂಬರಣ್ಣ ಮುಖ ನೋಡಿದ. ದಣಿದ ಕಣ್ಣು, ಹಣೆಯ ಮೇಲೆ ಬೆವರು.

“ಬನ್ನಿ. ನೋಡ್ತಾ ಇರಿ, ನಾನು ಇಲ್ಲೇ ಇದ್ದೀನಿ.”

ಬಟ್ಟೆ ತೆಗೆದುಕೊಂಡು ಒಂದು ಬೂಟು ಒರೆಸಲು ಶುರು ಮಾಡಿದ. ಕೋಲಿನ ಸದ್ದು ಒಂದು ಸುತ್ತು ಬಂತು, ಹೊರಗೆ ಹೋಯಿತು. ಅವನು ಹಿಂದಿನಿಂದ ಕೂಗಲಿಲ್ಲ. ಎರಡು ದಿನ ಬಿಟ್ಟು ಮತ್ತೆ ಬಂದಳು, ಒಂದು ಮೆತ್ತನೆಯ ಜೋಡು ಮುಟ್ಟಿದಳು, ಹೋದಳು. ಮೂರನೆಯ ಸಲ ಅದೇ ಜೋಡನ್ನು ಮತ್ತೆ ಮುಟ್ಟಿದಳು.

“ಅದು ಹಗುರ ಇದೆ,” ಅವನು ಬೂಟು ಒರೆಸುತ್ತಲೇ ಅಂದ. “ಬೇಕಾದ ಹಾಗೆ ತಿದ್ದಿಸಿಕೊಡೋರೂ ನಮ್ಮಲ್ಲಿದ್ದಾರೆ. ಅವಸರ ಏನಿಲ್ಲ.”

ಅವಳು ಸ್ವಲ್ಪ ಹೊತ್ತು ನಿಂತಳು. ಆಮೇಲೆ ಬೆಂಚಿನ ಮೇಲೆ ಕೂತು, ಉಡುಪಿನ ಅಂಚನ್ನು ತಾನೇ ಮೇಲೆತ್ತಿದಳು. ಎಡಗಾಲಿನಲ್ಲಿ ಬೆರಳುಗಳಿರಲಿಲ್ಲ.

“ಇದಕ್ಕೆ ಏನಾದ್ರೂ ಮಾಡೋಕಾಗುತ್ತಾ ಅಣ್ಣಾ?”

“ಆಗುತ್ತಮ್ಮ,” ಅಂದ. ಈಗ ಕೆಳಗೆ ನೋಡಿದ. ಮೇಲಿನ ಸಾಲಿಗೆ ಮತ್ತೆ ಬಂದು ಕೂತಿದ್ದ ನಂಬರಿಲ್ಲದ ಡಬ್ಬ ಇಳಿಸಿ ತೋರಿಸಿದ. ಅದು ಬಲಗಾಲಿನದು, ಅವಳಿಗೆ ಬರುವಂಥದ್ದಲ್ಲ. ಹೀಗೆ ಮಾಡಿಸಬಹುದು ಅಂತ ತೋರಿಸುವುದಕ್ಕೆ ಅಷ್ಟೇ. ಕಾಗದ ಹಾಸಿ ಪೆನ್ಸಿಲಿನಲ್ಲಿ ಗೆರೆ ಎಳೆದುಕೊಂಡ. ಏಳುವಾಗ ಅವಳು ಅಂದಳು:

“ಬಾಗಿಲಲ್ಲೇ ಕಾಲು ನೋಡದೇ ಇದ್ದೋರು ನೀವೊಬ್ಬರೇ ಅಣ್ಣಾ. ಅದಕ್ಕೇ ತಿರುಗಿ ಬಂದೆ.”

ನಂಬರಣ್ಣ ಡಬ್ಬ ಮುಚ್ಚುವ ನೆವದಲ್ಲಿ ಆ ಕಡೆ ತಿರುಗಿದ.

ಸಂಜೆ ಮಗಳು ಅವನ ರಕ್ತದೊತ್ತಡದ ಮಾತ್ರೆ ಕೊಡಲು ಬಂದಳು. ಅವನು ಎತ್ತರದ ಸ್ಟೂಲಿನ ಮೇಲೆ, ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ನಡೆದದ್ದೆಲ್ಲ ಹೇಳಿದ. ಹೇಳಿ ಮುಗಿಸಿದ ಮೇಲೆ, ಮೂರು ವರ್ಷದಿಂದ ಕೇಳದ ಮಾತನ್ನು ಕೇಳಿದ.

“ಅವತ್ತು ನೀನು ಅಮ್ಮನ ಜೊತೇಲಿದ್ದೆ. ನನಗೆ ಆ ಕಾಲುಚೀಲದ ಎಳೆ ಎಳೆಯೂ ನೆನಪಿದೆ ಕಣಮ್ಮ. ಹಿಮ್ಮಡಿ ಹತ್ತಿರ ಒಂದು ತೇಪೆ ಇತ್ತು. ಮುಖ ಮಾತ್ರ ಎಷ್ಟು ನೆನೆಸಿಕೊಂಡ್ರೂ ಬರಲ್ಲ. ಗಂಟೆ ಸದ್ದಾದಾಗ, ಬಾಗಿಲಲ್ಲಿ, ಅವಳ ಮುಖ ಹೇಗಿತ್ತು?”

ಮಗಳು ಮಾತ್ರೆಯ ಹಾಳೆಯನ್ನು ಕೈಯಲ್ಲಿ ತಿರುಗಿಸಿದಳು. ಹೇಳದಿದ್ದರೆ ಒಳ್ಳೆಯದಿತ್ತೇನೋ. ಅಪ್ಪ ಕೇಳಿದ ಮೇಲೆ ಅವಳಿಗೆ ಸುಳ್ಳು ಬರಲಿಲ್ಲ.

“ನಗ್ತಾ ಇದ್ರು ಅಪ್ಪಾ. ಗಾಡಿಯಿಂದ ಇಳಿದಾಗಿಂದ ನಗ್ತಾನೇ ಇದ್ರು. ಬೆಳಿಗ್ಗೆ ಕನ್ನಡಿ ಮುಂದೆ ಅಷ್ಟು ಹೊತ್ತು ಕೂತು ತಲೆ ಬಾಚಿಸಿಕೊಂಡಿದ್ರು. ‘ನಾನು ಚೆನ್ನಾಗಿ ಕಂಡ್ರೆ ಇವತ್ತಾದ್ರೂ ನಿಮ್ಮಪ್ಪ ಮೊದಲು ಮುಖ ನೋಡ್ತಾರೆ,’ ಅಂದ್ರು.”

ನಂಬರಣ್ಣ ಮಾತ್ರೆ ಇಸಿದುಕೊಂಡ, ನುಂಗುವುದನ್ನು ಮರೆತ. ಹೊರಗೆ ಬೀದಿಯಲ್ಲಿ ಜನ ಮನೆಗೆ ಹೋಗುತ್ತಿದ್ದರು, ಯಾರೂ ಒಳಗೆ ಬರುವಂತಿರಲಿಲ್ಲ. ಅವನು ತಲೆಯೆತ್ತಿ, ಬಾಗಿಲಲ್ಲಿ ಒಬ್ಬ ಹೆಂಗಸಿನ ಮುಖ ಎಷ್ಟೆತ್ತರಕ್ಕೆ ಬರುತ್ತದೋ ಅಷ್ಟೆತ್ತರಕ್ಕೆ ನೋಡಿದ. ಬನ್ನಿ ಅನ್ನಲಿಲ್ಲ.

“ಬಾ,” ಅಂದ.